ಓದಿದ್ದು ಪರೀಕ್ಷಾ ಕೊಠಡಿಯಲ್ಲಿ ಎಲ್ಲಿಗೆ ಹೋಗುತ್ತದೆ?

ಫಲಿತಾಂಶ ಹೊರಬೀಳುವ ವಾರಗಳಲ್ಲಿ ಒಂದಕ್ಕೊಂದು ತಾಳೆಯಾಗದ ಎರಡು ಬಗೆಯ ಸುದ್ದಿಗಳು ಅಕ್ಕಪಕ್ಕದಲ್ಲೇ ಕಾಣಿಸಿಕೊಳ್ಳುತ್ತವೆ. ಪ್ರೌಢಶಾಲೆಯ ಮಕ್ಕಳ ಮೇಲೆ ಪರೀಕ್ಷೆಗಳ ಹೊರೆ ಮಿತಿಮೀರಿದೆ, ಅವುಗಳ ಸಂಖ್ಯೆಯನ್ನು ಕಡಿಮೆ ಮಾಡಬೇಕು ಎಂಬುದು ಒಂದು. ಮೇಲಿಂದ ಮೇಲೆ ಪರೀಕ್ಷೆ ಬರೆದವರಿಗೇ ಪಾಠ ಹೆಚ್ಚು ಕಾಲ ನೆನಪಿರುತ್ತದೆ ಎಂಬುದು ಇನ್ನೊಂದು. ಎರಡನ್ನೂ ಓದಿದ ತಂದೆತಾಯಿಗೆ, ಮಗುವನ್ನು ಇನ್ನೊಂದು ಮಾದರಿ ಪರೀಕ್ಷೆಗೆ ಕೂರಿಸಬೇಕೋ ಬೇಡವೋ ಎಂಬುದೇ ತಿಳಿಯದಂತಾಗುತ್ತದೆ. ಶಿಕ್ಷಕರ ಪಾಡೂ ಇದಕ್ಕಿಂತ ಭಿನ್ನವಲ್ಲ.

ಎರಡೂ ಮಾತುಗಳಲ್ಲಿ ನಿಜವಿದೆ. ರೋಡಿಗರ್ ಮತ್ತು ಕಾರ್ಪಿಕ್ ಎಂಬ ಸಂಶೋಧಕರು 2006ರಲ್ಲಿ ಪ್ರಕಟಿಸಿದ ಪ್ರಯೋಗಗಳಲ್ಲಿ, ಒಂದು ಗುಂಪಿನ ವಿದ್ಯಾರ್ಥಿಗಳು ಗದ್ಯಭಾಗವೊಂದನ್ನು ಮತ್ತೆ ಮತ್ತೆ ಓದಿದರು. ಇನ್ನೊಂದು ಗುಂಪಿನವರು ಓದಿದ ಮೇಲೆ ಪುಸ್ತಕ ಮುಚ್ಚಿ ನೆನಪಿದ್ದಷ್ಟನ್ನು ಬರೆದರು. ಐದು ನಿಮಿಷದ ನಂತರ ಕೇಳಿದಾಗ ಮರಳಿ ಓದಿದವರೇ ಮುಂದಿದ್ದರು, ಒಂದು ವಾರ ಕಳೆದ ಮೇಲೆ ಕೇಳಿದಾಗ ಮುಚ್ಚಿ ಬರೆದವರು ಮುಂದಾದರು. ಆದರೆ ಆ ಬರವಣಿಗೆಯ ಮೇಲೆ ಯಾರ ಭವಿಷ್ಯವೂ ನಿಂತಿರಲಿಲ್ಲ. ಅಂಕಪಟ್ಟಿ ಮನೆಗೆ ಹೋಗುವಂತಿರಲಿಲ್ಲ, ಪಕ್ಕದವರೊಂದಿಗೆ ಹೋಲಿಕೆಯೂ ಇರಲಿಲ್ಲ. ನೆನಪನ್ನು ಗಟ್ಟಿಮಾಡುವ ಪರೀಕ್ಷೆಯನ್ನೂ ತೀರ್ಪು ಹೇಳುವ ಪರೀಕ್ಷೆಯನ್ನೂ ನಾವು ಒಂದೇ ಪದದಿಂದ ಕರೆಯುತ್ತೇವೆ. ಗೊಂದಲದ ಅರ್ಧ ಪಾಲು ಅಲ್ಲಿಯೇ ಇದೆ.

ಸಮೀಕ್ಷೆಯ ಅಂಕಿಗಳು ಏನನ್ನು ಹೇಳುತ್ತವೆ

ಉಳಿದರ್ಧ ಗೊಂದಲಕ್ಕೆ ಕಾರಣ, ಚೆನ್ನಾಗಿ ಓದಿದ ಮಗುವಿಗೆ ಭಯ ಇರುವುದಿಲ್ಲ ಎಂಬ ನಂಬಿಕೆ. ಆರ್ಥಿಕ ಸಹಕಾರ ಮತ್ತು ಅಭಿವೃದ್ಧಿ ಸಂಘಟನೆಯು ನಡೆಸುವ ಪೀಸಾ ಸಮೀಕ್ಷೆಯ 2015ರ ಸುತ್ತಿನಲ್ಲಿ 72 ದೇಶ ಮತ್ತು ಪ್ರದೇಶಗಳ ಸುಮಾರು 5 ಲಕ್ಷ 40 ಸಾವಿರ ವಿದ್ಯಾರ್ಥಿಗಳು ಭಾಗವಹಿಸಿದ್ದರು. ಎಲ್ಲರೂ 15ರ ಆಸುಪಾಸಿನವರು. ಸಂಘಟನೆಯ ಸದಸ್ಯ ದೇಶಗಳ ಸರಾಸರಿ ತೆಗೆದಾಗ, ಚೆನ್ನಾಗಿ ಸಿದ್ಧತೆ ಮಾಡಿಕೊಂಡಿದ್ದರೂ ಪರೀಕ್ಷೆಯೆಂದರೆ ತೀವ್ರ ಆತಂಕವಾಗುತ್ತದೆ ಎಂದು ಹೇಳಿದವರು ಶೇ 55ರಷ್ಟಿದ್ದರು. ಎಂದರೆ ಭಯ ತಯಾರಿಯ ಕೊರತೆಯಿಂದಷ್ಟೇ ಹುಟ್ಟುವುದಾಗಿದ್ದರೆ ಈ ಸಂಖ್ಯೆ ಇಷ್ಟು ದೊಡ್ಡದಾಗಿರಲು ಸಾಧ್ಯವಿರಲಿಲ್ಲ.

ಅದೇ ವರದಿಯಲ್ಲಿ ಅಷ್ಟಾಗಿ ಚರ್ಚೆಯಾಗದ ಇನ್ನೊಂದು ಅಂಶವಿದೆ. ಶಾಲೆಯಲ್ಲಿ ಎಷ್ಟು ಸಲ ಪರೀಕ್ಷೆ ನಡೆಯುತ್ತದೆ ಎಂಬುದಕ್ಕೂ ಮಕ್ಕಳು ಹೇಳಿಕೊಂಡ ಆತಂಕಕ್ಕೂ ನಂಟು ಕಾಣಲಿಲ್ಲ. ನಂಟು ಕಂಡದ್ದು ಶಿಕ್ಷಕರ ನಡವಳಿಕೆಯೊಂದಿಗೆ. ಕಷ್ಟವಾದಾಗ ಶಿಕ್ಷಕರು ತನ್ನ ಬಳಿ ಬಂದು ಹೇಳಿಕೊಡುತ್ತಾರೆ ಎನ್ನುವ ಮಕ್ಕಳಲ್ಲಿ ಆತಂಕ ಕಡಿಮೆಯಿತ್ತು. ನಾನು ಇರುವುದಕ್ಕಿಂತ ದಡ್ಡ ಎಂದು ಶಿಕ್ಷಕರು ಭಾವಿಸಿದ್ದಾರೆ ಎನ್ನುವವರಲ್ಲಿ ಹೆಚ್ಚಿತ್ತು. ಇದು ಒಂದೇ ಕಾಲದ ಸಮೀಕ್ಷೆಯಾದ್ದರಿಂದ ಯಾವುದು ಕಾರಣ, ಯಾವುದು ಪರಿಣಾಮ ಎಂದು ಖಡಾಖಂಡಿತವಾಗಿ ಹೇಳಲಾಗದು. ಆತಂಕಗೊಂಡ ಮಗುವಿಗೆ ಶಿಕ್ಷಕರ ಮುಖವೂ ಗಂಟಿಕ್ಕಿದಂತೆಯೇ ಕಾಣಬಹುದು. ಆದರೂ, ಪರೀಕ್ಷೆಗಳನ್ನು ತೆಗೆದುಹಾಕಿದರೆ ಒತ್ತಡ ತಾನಾಗಿ ಇಳಿಯುತ್ತದೆ ಎಂಬ ವಾದಕ್ಕೆ ಇಲ್ಲಿ ಬೆಂಬಲ ಸಿಗುವುದಿಲ್ಲ.

"ಸ್ವಲ್ಪ ಒತ್ತಡ ಇರಲೇಬೇಕು" ಎಂಬ ವಾದ

ಎದುರು ಪಕ್ಷದ ವಾದ ಹಳೆಯದು: ಒತ್ತಡವಿಲ್ಲದೆ ಯಾರೂ ಓದುವುದಿಲ್ಲ, ಈಗಿನ ಮಕ್ಕಳು ನಾಜೂಕು. ಇದಕ್ಕೆ ಆಧಾರವಾಗಿ ಸಾಮಾನ್ಯವಾಗಿ ತೋರಿಸುವುದು ಗುಡ್ಡದ ಆಕಾರದ ಒಂದು ಗೆರೆಯನ್ನು. ಒತ್ತಡ ಏರಿದಂತೆ ಸಾಧನೆ ಏರುತ್ತದೆ, ಒಂದು ಹಂತ ದಾಟಿದ ಮೇಲೆ ಇಳಿಯುತ್ತದೆ. ಯರ್ಕ್ಸ್ ಮತ್ತು ಡಾಡ್ಸನ್ ಎಂಬವರು 1908ರಲ್ಲಿ ನಡೆಸಿದ ಪ್ರಯೋಗ ಇದರ ಮೂಲ. ಅದು ನಡೆದದ್ದು ಇಲಿಗಳ ಮೇಲೆ, ವಿದ್ಯುತ್ ಆಘಾತ ಕೊಟ್ಟು ಎಂಬುದನ್ನು ಸಭೆಗಳಲ್ಲಿ ಈ ಗೆರೆಯನ್ನು ಎಳೆಯುವವರು ಹೇಳುವುದು ಕಡಿಮೆ.

ಆ ಪ್ರಯೋಗವನ್ನು ಒಪ್ಪಿಕೊಂಡರೂ ಅದರ ಎರಡನೆಯ ಭಾಗ ಪೋಷಕರಿಗೆ ಹೆಚ್ಚು ಮುಖ್ಯ. ಕೆಲಸ ಸುಲಭವಾಗಿದ್ದಾಗ ಇಲಿಗಳು ಹೆಚ್ಚಿನ ಒತ್ತಡದಲ್ಲೂ ಕಲಿತವು. ಕೆಲಸ ಕಷ್ಟವಾದಂತೆ, ಅವು ಕಲಿಯಬಲ್ಲ ಒತ್ತಡದ ಮಟ್ಟ ಕೆಳಗಿಳಿಯಿತು. ಪಾಠವನ್ನು ಹತ್ತು ಸಲ ನಕಲು ಮಾಡುವ ಕೆಲಸವನ್ನು ಗದರಿಸಿ ಮಾಡಿಸಬಹುದು. ಹೊಸ ಬಗೆಯ ಲೆಕ್ಕವೊಂದನ್ನು ಬಿಡಿಸುವ ಕೆಲಸಕ್ಕೆ ಅದೇ ಗದರಿಕೆ ಅಡ್ಡಗಾಲಾಗುತ್ತದೆ.

ಚಿಂತೆ ಜಾಗ ಹಿಡಿಯುವ ಬಗೆ

ಅಡ್ಡಗಾಲಾಗುವುದು ಹೇಗೆಂಬುದನ್ನು ಸ್ವಲ್ಪ ನಿಧಾನವಾಗಿ ನೋಡಬೇಕು. ಪರೀಕ್ಷೆಯ ಭಯಕ್ಕೆ ಎರಡು ಮುಖಗಳಿವೆ ಎಂದು 1967ರಲ್ಲಿಯೇ ಲೀಬರ್ಟ್ ಮತ್ತು ಮಾರಿಸ್ ಎಂಬ ಮನೋವಿಜ್ಞಾನಿಗಳು ಬೇರ್ಪಡಿಸಿ ತೋರಿಸಿದರು. ಒಂದು ದೇಹದ್ದು: ಅಂಗೈ ಬೆವರುವುದು, ಎದೆ ಹೊಡೆದುಕೊಳ್ಳುವುದು, ಬಾಯಿ ಒಣಗುವುದು. ಇನ್ನೊಂದು ಮನಸ್ಸಿನ ಮಾತು: "ಇದು ನನಗೆ ಬರುವುದಿಲ್ಲ", "ಪಕ್ಕದವಳು ಎರಡನೆಯ ಹಾಳೆ ತೆಗೆದುಕೊಂಡಳು", "ಮನೆಯಲ್ಲಿ ಏನೆಂದು ಹೇಳಲಿ". ಅಂಕಗಳನ್ನು ಕೆಳಗೆಳೆಯುವುದು ಮುಖ್ಯವಾಗಿ ಈ ಎರಡನೆಯದು. ಅಂಗೈ ಬೆವರಿದ ಮಾತ್ರಕ್ಕೆ ಉತ್ತರ ತಪ್ಪುವುದಿಲ್ಲ.

ಲೆಕ್ಕವೊಂದನ್ನು ಬಿಡಿಸುವಾಗ ಮೂರ್ನಾಲ್ಕು ಸಂಗತಿಗಳನ್ನು ಒಮ್ಮೆಗೇ ಮನಸ್ಸಿನಲ್ಲಿ ಹಿಡಿದಿಟ್ಟುಕೊಳ್ಳಬೇಕಾಗುತ್ತದೆ. ಏನನ್ನು ಕೇಳಿದ್ದಾರೆ, ಯಾವ ಸೂತ್ರ, ಹಿಂದಿನ ಸಾಲಿನಲ್ಲಿ ಬಂದ ಬೆಲೆ ಎಷ್ಟು, ಚಿಹ್ನೆ ಬದಲಾಯಿತೇ ಇಲ್ಲವೇ. ಹೀಗೆ ಹಿಡಿದಿಡುವ ಜಾಗವನ್ನು ಕಾರ್ಯಕಾರಿ ಸ್ಮೃತಿ ಎನ್ನುತ್ತಾರೆ. ಅದು ಯಾರಲ್ಲಿಯೂ ದೊಡ್ಡದಲ್ಲ. "ಮನೆಯಲ್ಲಿ ಏನೆಂದು ಹೇಳಲಿ" ಎಂಬ ಮಾತು ಅದೇ ಜಾಗಕ್ಕೆ ಬಂದು ಕುಳಿತಾಗ, ಹಿಂದಿನ ಸಾಲಿನ ಬೆಲೆ ಜಾರಿಹೋಗುತ್ತದೆ. ಓದಿದ್ದು ಅಳಿಸಿಹೋಗಿಲ್ಲ, ಅದನ್ನು ತಂದು ಇಟ್ಟುಕೊಳ್ಳಲು ಸ್ಥಳವಿಲ್ಲದಂತಾಗಿದೆ. ಕೊಠಡಿಯಿಂದ ಹೊರಬಂದ ಹತ್ತು ನಿಮಿಷಕ್ಕೆ ಉತ್ತರ ತಾನಾಗಿ ಹೊಳೆಯುವುದು ಇದೇ ಕಾರಣಕ್ಕೆ. ಮಗು "ಎಲ್ಲ ಗೊತ್ತಿತ್ತು, ಆಗ ಮಾತ್ರ ಹೊಳೆಯಲಿಲ್ಲ" ಎಂದರೆ ಅದನ್ನು ನೆಪವೆಂದು ತಳ್ಳಿಹಾಕುವವರು, ಕಾಯಿಲೆಯ ಲಕ್ಷಣವನ್ನು ಹೇಳಿದ ರೋಗಿಯನ್ನೇ ಬೈದಂತೆ.

ಸೋಮಾರಿತನದಂತೆ ಕಾಣುವುದು

ಎಚ್ಚರಿಕೆಯ ಚಿಹ್ನೆಗಳು ಕಣ್ತಪ್ಪಲು ಮುಖ್ಯ ಕಾರಣ ಅವು ವೇಷ ಹಾಕಿಕೊಂಡು ಬರುವುದು. ಅಳುತ್ತಾ ಕುಳಿತ ಮಗುವನ್ನು ಯಾರಾದರೂ ಗಮನಿಸುತ್ತಾರೆ. ಹೆಚ್ಚಿನ ಮಕ್ಕಳು ಅಳುವುದಿಲ್ಲ, ತಪ್ಪಿಸಿಕೊಳ್ಳುತ್ತಾರೆ.

ಗಣಿತದ ಪುಸ್ತಕ ತೆರೆದ ತಕ್ಷಣ ಹೊಟ್ಟೆಯಲ್ಲಿ ಸಂಕಟವಾಗುವ ಹುಡುಗನೊಬ್ಬ ಪುಸ್ತಕ ಮುಚ್ಚಿ ಫೋನ್ ಕೈಗೆತ್ತಿಕೊಂಡರೆ, ಆ ಸಂಕಟ ಅರೆಗಳಿಗೆಯಲ್ಲಿ ಇಳಿಯುತ್ತದೆ. ಮುಚ್ಚಿದರೆ ನೆಮ್ಮದಿ ಎಂಬ ಪಾಠವನ್ನು ದೇಹ ಕಲಿಯುತ್ತದೆ, ಮತ್ತು ಬಹಳ ಬೇಗ ಕಲಿಯುತ್ತದೆ. ಮರುದಿನ ಓದಬೇಕಾದದ್ದು ಒಂದು ದಿನದಷ್ಟು ಹೆಚ್ಚಾಗಿರುವುದರಿಂದ ಸಂಕಟವೂ ಅಷ್ಟೇ ಹೆಚ್ಚಿರುತ್ತದೆ, ಪುಸ್ತಕ ಇನ್ನೂ ಬೇಗ ಮುಚ್ಚುತ್ತದೆ. ಹೊರಗಿನಿಂದ ನೋಡುವವರಿಗೆ ಕಾಣುವುದು ಫೋನ್ ಹಿಡಿದು ಬಿದ್ದುಕೊಂಡ ಸೋಮಾರಿ ಹುಡುಗ. ಅವರು ಗದರುತ್ತಾರೆ, ಗಣಿತದ ಪುಸ್ತಕದ ಜೊತೆಗೆ ಗದರಿಕೆಯೂ ಸೇರಿಕೊಂಡು, ಅದನ್ನು ತೆರೆಯುವುದು ಮತ್ತಷ್ಟು ಕಷ್ಟವಾಗುತ್ತದೆ.

ವೇಷ ಶ್ರದ್ಧೆಯದ್ದೂ ಆಗಿರಬಹುದು, ಅದು ಇನ್ನೂ ಮೋಸದ್ದು. ಟಿಪ್ಪಣಿಯನ್ನು ಮೂರು ಬಣ್ಣದ ಪೆನ್ನಿನಲ್ಲಿ ನಾಲ್ಕನೆಯ ಸಲ ಅಂದವಾಗಿ ಬರೆಯುತ್ತಿರುವ ಹುಡುಗಿ, ಪುಸ್ತಕ ಮುಚ್ಚಿ ಒಂದು ಪ್ರಶ್ನೆಗೆ ಉತ್ತರಿಸು ಎಂದರೆ ಸಿಡುಕುತ್ತಾಳೆ. ಅವಳೂ ತಪ್ಪಿಸಿಕೊಳ್ಳುತ್ತಿದ್ದಾಳೆ, ಗೊತ್ತಿಲ್ಲ ಎಂಬುದು ತನಗೇ ಗೊತ್ತಾಗುವ ಆ ಕ್ಷಣದಿಂದ. ಅಂಕ ಚೆನ್ನಾಗಿ ಬರುತ್ತಿರುವುದರಿಂದ ಯಾರಿಗೂ ಸಂಶಯ ಬರುವುದಿಲ್ಲ.

ಹಾಗಾಗಿ ನೋಡಬೇಕಾದದ್ದು ಮಗುವಿನಲ್ಲಿ ಆದ ಬದಲಾವಣೆಯನ್ನು. ಮೊದಲಿನಿಂದಲೂ ಮಿತಭಾಷಿಯಾದ ಮಗು ಮಾತನಾಡದಿದ್ದರೆ ಅದರಲ್ಲಿ ಸುದ್ದಿಯಿಲ್ಲ. ವಾಚಾಳಿ ಮಗು ಎರಡು ವಾರದಿಂದ ಊಟ ಮುಗಿಸಿ ನೇರ ಕೋಣೆಗೆ ಹೋಗುತ್ತಿದ್ದರೆ ಇದೆ. ತಲೆನೋವು, ಹೊಟ್ಟೆನೋವು ನಿಜವಾದ ನೋವುಗಳೇ, ನಟನೆಯೆಂದು ತಿಳಿಯಬಾರದು. ಆದರೆ ಅವು ಯಾವ ದಿನ ಬರುತ್ತವೆ ಎಂದು ಕ್ಯಾಲೆಂಡರಿನಲ್ಲಿ ಗುರುತು ಹಾಕಿದರೆ, ಕಿರುಪರೀಕ್ಷೆಯ ಬೆಳಗ್ಗೆ ಬಂದು ರಜೆಯಲ್ಲಿ ಮಾಯವಾಗುವ ಕ್ರಮ ಕಾಣಿಸಬಹುದು. ವೈದ್ಯರಿಗೂ ಆ ಗುರುತುಗಳು ಉಪಯೋಗಕ್ಕೆ ಬರುತ್ತವೆ.

ನಿದ್ದೆಯ ಮಾತು ಪ್ರತ್ಯೇಕವಾಗಿ ಹೇಳಬೇಕಾದದ್ದು. 13ರಿಂದ 18 ವರ್ಷದವರಿಗೆ ದಿನಕ್ಕೆ 8ರಿಂದ 10 ಗಂಟೆ ನಿದ್ದೆ ಬೇಕೆಂದು ಅಮೆರಿಕದ ನಿದ್ರಾವೈದ್ಯರ ಅಕಾಡೆಮಿ 2016ರಲ್ಲಿ ಶಿಫಾರಸು ಮಾಡಿದೆ. ಈ ವಯಸ್ಸಿನಲ್ಲಿ ನಿದ್ದೆ ಬರುವ ಹೊತ್ತು ದೇಹಸಹಜವಾಗಿಯೇ ತಡವಾಗುತ್ತದೆ. ರಾತ್ರಿ ತಡವಾಗಿ ಮಲಗಿದ ಮಗುವನ್ನು ನಸುಕಿನ ನಾಲ್ಕಕ್ಕೆ ಎಬ್ಬಿಸಿ ಓದಿಸಿದರೆ, ಹಿಂದಿನ ದಿನ ಓದಿದ್ದನ್ನು ಮೆದುಳು ಗಟ್ಟಿಮಾಡಿಕೊಳ್ಳುವ ಹೊತ್ತನ್ನೇ ಕತ್ತರಿಸಿದಂತಾಗುತ್ತದೆ. ನಿದ್ದೆಗೆಟ್ಟ ತಲೆಗೆ ಚಿಂತೆಯನ್ನು ಬದಿಗಿಡುವ ಶಕ್ತಿಯೂ ಕಡಿಮೆ. ಹೀಗಾಗಿ ಹೆಚ್ಚು ಹೊತ್ತು ಓದಿಸುವ ಉಪಾಯವೇ ಕೊಠಡಿಯಲ್ಲಿ ಮರೆಯುವುದಕ್ಕೆ ದಾರಿಯಾಗುತ್ತದೆ.

ಒಂದು ಉತ್ತರ ಪತ್ರಿಕೆಯನ್ನು ಓದುವುದು

ಭಯ ಯಾವುದು, ಕಲಿಕೆಯ ಕೊರತೆ ಯಾವುದು ಎಂದು ಗುರುತಿಸುವ ಅವಕಾಶ ಎಲ್ಲರಿಗಿಂತ ಹೆಚ್ಚಾಗಿ ಇರುವುದು ಶಿಕ್ಷಕರಿಗೆ. ಒಂದು ಕಲ್ಪಿತ ಉದಾಹರಣೆಯನ್ನು ತೆಗೆದುಕೊಳ್ಳೋಣ. ಹತ್ತನೆಯ ತರಗತಿಯ ಹುಡುಗಿಯೊಬ್ಬಳು ಗಣಿತದ ಮನೆಗೆಲಸದಲ್ಲಿ 10 ಲೆಕ್ಕಗಳಲ್ಲಿ 8ನ್ನು ಸರಿಯಾಗಿ ಮಾಡುತ್ತಾಳೆ, ಮಾದರಿ ಪರೀಕ್ಷೆಯಲ್ಲಿ 4ನ್ನು ಮಾತ್ರ. ಮನೆಗೆಲಸವನ್ನು ಯಾರೋ ಮಾಡಿಕೊಟ್ಟಿರಬೇಕು ಎಂಬ ಗುಮಾನಿ ಸಹಜ. ಅವಳ ಉತ್ತರ ಪತ್ರಿಕೆಯನ್ನು ಬೆಳಕಿಗೆ ಹಿಡಿದು ನೋಡಿದರೆ ಬೇರೆಯೇ ಸಂಗತಿ ಕಾಣುತ್ತದೆ. ಮೊದಲ ಪುಟದ ಕಾಗದ ರಬ್ಬರು ತಿಕ್ಕಿ ತಿಕ್ಕಿ ತೆಳುವಾಗಿದೆ. ಎರಡನೆಯ ಲೆಕ್ಕವನ್ನು ಮೂರು ಸಲ ಆರಂಭಿಸಿ ಮೂರು ಸಲವೂ ಹೊಡೆದುಹಾಕಿದ್ದಾಳೆ. ಮೊದಲ ಸಲ ಬರೆದದ್ದೇ ಸರಿಯಿತ್ತು. ಕೊನೆಯ ಪುಟದಲ್ಲಿ, ತರಗತಿಯಲ್ಲಿ ಕ್ಷಣಮಾತ್ರದಲ್ಲಿ ಮಾಡುತ್ತಿದ್ದ ಸುಲಭದ ಲೆಕ್ಕಗಳು ಖಾಲಿ ಬಿದ್ದಿವೆ.

ಇನ್ನೊಂದು ಪರಿಶೀಲನೆ ಉಳಿದಿದೆ. ಮರುದಿನ ಅದೇ ಪ್ರಶ್ನೆಗಳನ್ನು, ಉತ್ತರ ತೋರಿಸದೆ, ಸಮಯದ ಮಿತಿಯಿಲ್ಲದೆ, ಅಂಕವಿಲ್ಲ ಎಂದು ಹೇಳಿ ಅವಳಿಂದ ಮಾಡಿಸಬೇಕು. ಈಗ 7 ಅಥವಾ 8 ಸರಿಯಾದರೆ ತೊಂದರೆ ಕೊಠಡಿಯಲ್ಲಿದೆ. ಈಗಲೂ 4ರಲ್ಲೇ ನಿಂತರೆ ತೊಂದರೆ ಪಾಠದಲ್ಲಿದೆ. ಆಗ ಧೈರ್ಯ ಹೇಳುವುದರಿಂದ ಏನೂ ಆಗದು, ಪಾಠವನ್ನೇ ಮತ್ತೆ ಹೇಳಿಕೊಡಬೇಕು. ಎಷ್ಟೋ ಮಕ್ಕಳಲ್ಲಿ ಎರಡೂ ಬೆರೆತಿರುತ್ತವೆ ಎಂಬುದನ್ನೂ ಸೇರಿಸಬೇಕು. ಪಾಠದಲ್ಲಿನ ಒಂದು ಸಣ್ಣ ಕೊರತೆ ಭಯವನ್ನು ಹುಟ್ಟಿಸಿ, ಭಯ ತಪ್ಪಿಸಿಕೊಳ್ಳುವಂತೆ ಮಾಡಿ, ಕೊರತೆ ದೊಡ್ಡದಾಗಿರುತ್ತದೆ.

ಮೆಟ್ಟಿಲು ಮೆಟ್ಟಿಲಾಗಿ ಹತ್ತಿಸುವುದು

ತೊಂದರೆ ಕೊಠಡಿಯಲ್ಲಿದೆ ಎಂದು ಖಚಿತವಾದ ಮೇಲೆ ಮಾಡಬೇಕಾದದ್ದು, ಆ ಸನ್ನಿವೇಶವನ್ನು ಸಣ್ಣ ತುಂಡುಗಳಾಗಿ ಅಭ್ಯಾಸ ಮಾಡಿಸುವುದು. ಮೊದಲ ಎರಡು ಮೂರು ದಿನ, ಚೆನ್ನಾಗಿ ಬರುವ ಎರಡು ಲೆಕ್ಕಗಳನ್ನು ಪುಸ್ತಕ ಮುಚ್ಚಿ ಮಾಡಿದರೆ ಸಾಕು, ಗಡಿಯಾರ ಬೇಡ. ಮುಂದೆ ಅವೇ ಲೆಕ್ಕಗಳಿಗೆ ಗಡಿಯಾರ ಇಡಬೇಕು, ಆದರೆ ಬೇಕಾದುದಕ್ಕಿಂತ ಹೆಚ್ಚು ಸಮಯ ಕೊಡಬೇಕು. ಆಮೇಲೆ ಒಂದು ಕಷ್ಟದ ಲೆಕ್ಕ ಸೇರಿಸಿ, ಅದನ್ನು ಬಿಟ್ಟು ಮುಂದೆ ಹೋಗುವುದನ್ನೇ ಅಭ್ಯಾಸ ಮಾಡಿಸಬೇಕು. ಎರಡನೆಯ ವಾರದ ಹೊತ್ತಿಗೆ ಮೂರ್ನಾಲ್ಕು ಸಹಪಾಠಿಗಳ ಜೊತೆ ಖಾಲಿ ತರಗತಿಯಲ್ಲಿ ಅರ್ಧ ಗಂಟೆಯ ಪತ್ರಿಕೆ, ಕೊನೆಗೆ ಪೂರ್ಣ ಅವಧಿಯ ಪತ್ರಿಕೆ. ಯಾವ ಮೆಟ್ಟಿಲಲ್ಲಿ ಕೈ ನಿಂತಿತೋ ಅಲ್ಲಿಂದ ಒಂದು ಮೆಟ್ಟಿಲು ಕೆಳಗಿಳಿದು ಮತ್ತೆ ಹತ್ತಿಸಬೇಕು, ಪೂರ್ತಿ ಕೆಳಗಿಳಿಸಬಾರದು. ಸಂಕಟ ಬಂದಾಗಲೂ ಕುಳಿತಿದ್ದರೆ ಅದು ತಾನಾಗಿ ಇಳಿಯುತ್ತದೆ ಎಂಬುದನ್ನು ದೇಹ ಕಲಿಯುವುದು ಹೀಗೆ. "ಇವತ್ತು ಹುಷಾರಿಲ್ಲ, ಪರೀಕ್ಷೆ ಬೇಡ" ಎಂದು ಮೇಲಿಂದ ಮೇಲೆ ರಜೆ ಕೊಡಿಸುವ ಕರುಣೆ ಈ ಕಲಿಕೆಗೇ ಅಡ್ಡಬರುತ್ತದೆ.

ಇದಕ್ಕೆ ಅಡ್ಡದಾರಿ ಇಲ್ಲವೇ ಎಂದು ಕೇಳುವವರಿದ್ದಾರೆ. ಪರೀಕ್ಷೆಗೆ ಮುನ್ನ ಹತ್ತು ನಿಮಿಷ ತಮ್ಮ ಚಿಂತೆಗಳನ್ನು ಕಾಗದದ ಮೇಲೆ ಬರೆದ ವಿದ್ಯಾರ್ಥಿಗಳಿಗೆ ಹೆಚ್ಚು ಅಂಕ ಬಂತೆಂಬ ಅಧ್ಯಯನವೊಂದು 2011ರಲ್ಲಿ ಬಹಳ ಸುದ್ದಿಯಾಗಿತ್ತು. ಅದರ ಒಂದು ಪ್ರಯೋಗವನ್ನು ಬೇರೆ ಸಂಶೋಧಕರು ಮತ್ತೆ ನಡೆಸಿ 2018ರಲ್ಲಿ ಪ್ರಕಟಿಸಿದಾಗ ಅದೇ ಫಲ ಸಿಗಲಿಲ್ಲ. ಬರೆದು ಹಗುರಾಗುವ ಮಗು ಬರೆಯಲಿ, ತೊಂದರೆಯೇನಿಲ್ಲ. ಆದರೆ ಹತ್ತು ನಿಮಿಷದ ಉಪಾಯವೊಂದನ್ನು ನಂಬಿ ಎರಡು ವಾರದ ಕೆಲಸವನ್ನು ಬಿಡುವುದು ಸರಿಯಲ್ಲ.

ಮನೆಯಲ್ಲಿ ಆಡುವ ಮಾತು

ಪೋಷಕರ ಪಾಲಿನ ಕೆಲಸ ಇದಕ್ಕಿಂತ ಸಣ್ಣದು, ಆದರೆ ಸುಲಭದ್ದಲ್ಲ. ಪರೀಕ್ಷೆ ಬರೆದು ಬಂದ ಮಗುವಿಗೆ ಕೇಳುವ ಮೊದಲ ಪ್ರಶ್ನೆ "ಎಷ್ಟು ಬರಬಹುದು?" ಎಂಬುದಾಗಿದ್ದರೆ, ಮರುದಿನ ಕೊಠಡಿಯಲ್ಲಿ ಆ ಕಿರಿದಾದ ಜಾಗಕ್ಕೆ ಬಂದು ಕೂರುವುದು ಅದೇ ಪ್ರಶ್ನೆ. "ನಿನ್ನ ಮೇಲೆಯೇ ನಮ್ಮ ಆಸೆಯೆಲ್ಲ" ಎಂಬ ಪ್ರೀತಿಯ ಮಾತೂ ಅಲ್ಲಿ ಅಷ್ಟೇ ಜಾಗ ತಿನ್ನುತ್ತದೆ. "ಅಂಕ ಮುಖ್ಯವಲ್ಲ" ಎಂಬ ಮಾತನ್ನು ಮಕ್ಕಳು ನಂಬುವುದೂ ಇಲ್ಲ, ಏಕೆಂದರೆ ಅದೇ ಬಾಯಿಂದ ಇತರ ಮಕ್ಕಳ ಅಂಕಗಳ ವಿಚಾರಣೆ ನಡೆಯುವುದನ್ನು ಅವರು ಕೇಳಿರುತ್ತಾರೆ.

ಕೇಳಬಹುದಾದ ಪ್ರಶ್ನೆಗಳು ಸರಳವಾಗಿವೆ. "ಯಾವ ಪ್ರಶ್ನೆ ಸತಾಯಿಸಿತು?" ಎಂದು ಕೇಳಿದರೆ ಮಗುವಿಗೆ ಹೇಳಲು ಏನಾದರೂ ಇರುತ್ತದೆ. "ಓದು ಮುಗಿಯಿತಾ?" ಎನ್ನುವ ಬದಲು "ಈಗ ಯಾವ ಪಾಠ ತೆರೆಯಲು ಬೇಜಾರು?" ಎಂದು ಕೇಳಿದರೆ ತಪ್ಪಿಸಿಕೊಳ್ಳುತ್ತಿರುವ ಜಾಗ ಗೊತ್ತಾಗುತ್ತದೆ. ಉತ್ತರ ಬಂದ ತಕ್ಷಣ ಉಪದೇಶ ಶುರುವಾದರೆ ಎರಡನೆಯ ಸಲ ಉತ್ತರ ಬರುವುದಿಲ್ಲ.

ಪರೀಕ್ಷೆಯ ಭಯವನ್ನು ಮೀರಿದ್ದು

ಇಲ್ಲಿಯವರೆಗೆ ಹೇಳಿದ್ದಕ್ಕೆ ಒಂದು ಗಡಿಯಿದೆ, ಅದನ್ನು ಗುರುತಿಸದಿದ್ದರೆ ಅಪಾಯ. ಪರೀಕ್ಷೆಯ ಆತಂಕ ಪರೀಕ್ಷೆ ಮುಗಿದ ಸಂಜೆ ಇಳಿಯುತ್ತದೆ. ಆಟ, ಗೆಳೆಯರು, ಮೆಚ್ಚಿನ ಹಾಡು ಮರಳಿ ಬರುತ್ತವೆ. ಪರೀಕ್ಷೆ ಮುಗಿದರೂ ಇವು ಮರಳದೆ, ಮಂಕು ಅಥವಾ ಸಿಡುಕು ಹೆಚ್ಚುಕಡಿಮೆ ಪ್ರತಿದಿನ ಎರಡು ವಾರ ಮುಂದುವರಿದು, ನಿದ್ದೆ ಮತ್ತು ಊಟ ಎರಡೂ ಏರುಪೇರಾಗಿದ್ದರೆ, ಅದು ಖಿನ್ನತೆಯಾಗಿರಬಹುದು. ಈ ವಯಸ್ಸಿನಲ್ಲಿ ಖಿನ್ನತೆ ದುಃಖದ ಮುಖಕ್ಕಿಂತ ಸಿಡುಕಿನ ಮುಖ ಹೊತ್ತು ಬರುವುದುಂಟು, ಹಾಗಾಗಿ "ವಯಸ್ಸಿನ ಸೊಕ್ಕು" ಎಂದು ಬಿಟ್ಟುಬಿಡುವವರೇ ಹೆಚ್ಚು. ಇಲ್ಲಿ ಮೆಟ್ಟಿಲುಗಳ ಅಭ್ಯಾಸ ಸಾಲದು, ವೈದ್ಯರನ್ನೋ ತರಬೇತಾದ ಆಪ್ತ ಸಮಾಲೋಚಕರನ್ನೋ ಕಾಣಬೇಕು.

ಇನ್ನು ಕೆಲವು ಮಾತುಗಳಿಗೆ ಎರಡು ವಾರ ಕಾಯುವಂತಿಲ್ಲ. "ನಾನಿಲ್ಲದಿದ್ದರೆ ನಿಮಗೆಲ್ಲ ಆರಾಮ", "ಇನ್ನು ಸ್ವಲ್ಪ ದಿನ ಅಷ್ಟೇ" ಎಂಬಂಥ ಮಾತುಗಳು, ಇಷ್ಟದ ವಸ್ತುಗಳನ್ನು ಹಂಚಿಬಿಡುವುದು, ಮೈಮೇಲೆ ತಾನೇ ಮಾಡಿಕೊಂಡ ಗಾಯಗಳು, ವಾರಗಟ್ಟಲೆ ಕಂಗೆಟ್ಟಿದ್ದ ಮಗು ಕಾರಣವಿಲ್ಲದೆ ಒಮ್ಮೆಲೇ ಶಾಂತವಾಗುವುದು: ಇವುಗಳಲ್ಲಿ ಒಂದು ಕಂಡರೂ ಅದೇ ದಿನ ಮಾತನಾಡಬೇಕು. ಸಾವಿನ ಯೋಚನೆ ಇದೆಯೇ ಎಂದು ಕೇಳಿದರೆ ಆ ಯೋಚನೆಯನ್ನು ನಾವೇ ಬಿತ್ತಿದಂತಾಗುತ್ತದೆ ಎಂಬ ಹೆದರಿಕೆ ಪೋಷಕರಲ್ಲಿಯೂ ಶಿಕ್ಷಕರಲ್ಲಿಯೂ ಇದೆ. ಅದು ತಪ್ಪು ತಿಳಿವಳಿಕೆ ಎಂದು ವಿಶ್ವ ಆರೋಗ್ಯ ಸಂಸ್ಥೆ ಸ್ಪಷ್ಟವಾಗಿ ಹೇಳಿದೆ. "ಬದುಕುವುದೇ ಬೇಡ ಅನ್ನಿಸುತ್ತಿದೆಯಾ?" ಎಂದು ನೇರವಾಗಿ, ಸಮಾಧಾನದ ಧ್ವನಿಯಲ್ಲಿ ಕೇಳಬಹುದು. ಹೌದು ಎಂಬ ಉತ್ತರ ಬಂದರೆ ವಾದಿಸಬಾರದು, ಯಾರಿಗೂ ಹೇಳುವುದಿಲ್ಲ ಎಂಬ ಭಾಷೆಯನ್ನೂ ಕೊಡಬಾರದು. ಮಗುವನ್ನು ಒಂಟಿಯಾಗಿ ಬಿಡದೆ, ಅಪಾಯ ತರಬಲ್ಲ ವಸ್ತುಗಳನ್ನು ಮನೆಯಲ್ಲಿ ಕೈಗೆಟುಕದಂತೆ ಮಾಡಿ, ಆಸ್ಪತ್ರೆಯನ್ನೋ ಮಾನಸಿಕ ಆರೋಗ್ಯ ಸಹಾಯವಾಣಿಯನ್ನೋ ಸಂಪರ್ಕಿಸಬೇಕು. ಶಿಕ್ಷಕರಿಗೆ ಮೊದಲು ತಿಳಿದರೆ ಸುದ್ದಿಯನ್ನು ಚೀಟಿಯಲ್ಲಿ ಬರೆದು ಕಳಿಸದೆ, ಪೋಷಕರು ಬಂದು ತಲುಪುವವರೆಗೆ ಮಗುವಿನ ಪಕ್ಕದಲ್ಲಿಯೇ ಕುಳಿತಿರಬೇಕು. ಆ ಹೊತ್ತಿಗೆ ಶಾಲೆಯಲ್ಲಿ ಯಾರು ತರಗತಿ ನೋಡಿಕೊಳ್ಳುತ್ತಾರೆ, ಯಾರು ಫೋನ್ ಮಾಡುತ್ತಾರೆ, ಆಸ್ಪತ್ರೆಗೆ ಜೊತೆಯಲ್ಲಿ ಯಾರು ಹೋಗುತ್ತಾರೆ ಎಂಬುದು ವರ್ಷದ ಆರಂಭದ ಸಿಬ್ಬಂದಿ ಸಭೆಯಲ್ಲಿಯೇ ಹೆಸರು ಸಹಿತ ತೀರ್ಮಾನವಾಗಿರಬೇಕು.